ಉಗುರು, ಬೆರಳು ಮತ್ತು ಕೀಲು: ಸೋರಿಯಾಸಿಸ್ ಸಂಧಿವಾತವನ್ನು ಗುರುತಿಸುವ ಬಗೆ

ಕೀಲುಗಳು ನೋಯುವ ಎಲ್ಲ ರೋಗಗಳನ್ನೂ ನಮ್ಮ ಜನ 'ವಾತ' ಎಂಬ ಒಂದೇ ಮಾತಿನಲ್ಲಿ ಅಡಗಿಸಿಬಿಡುತ್ತಾರೆ. ಆಯುರ್ವೇದದ ಗ್ರಂಥಗಳು ಆಮವಾತ, ವಾತರಕ್ತ, ಸಂಧಿಗತವಾತ ಎಂದು ಬೇರೆ ಬೇರೆ ಹೆಸರುಗಳನ್ನಿಟ್ಟು ವಿಂಗಡಿಸಿದ್ದರೂ ಆಡುಮಾತಿನಲ್ಲಿ ಆ ವಿಂಗಡಣೆ ಉಳಿದಿಲ್ಲ. ಇಂಗ್ಲಿಷಿನ ವೈದ್ಯಕೀಯ ಬರಹವನ್ನು ಕನ್ನಡಕ್ಕೆ ತರುವವರಿಗೂ ಇಲ್ಲಿ ತೊಡಕುಂಟು. ರುಮಟಾಯ್ಡ್ ಆರ್ಥ್ರೈಟಿಸ್‌ಗೂ 'ಸಂಧಿವಾತ', ಮೂಳೆ ಸವೆತಕ್ಕೂ 'ಸಂಧಿವಾತ' ಎಂದು ಬರೆದರೆ ಓದುಗರಿಗೆ ಎರಡೂ ಒಂದೇ ಎಂಬ ಭಾವನೆ ಮೂಡುತ್ತದೆ. ಆದುದರಿಂದ ಈ ಲೇಖನದಲ್ಲಿ ರೋಗದ ಪೂರ್ಣ ಹೆಸರನ್ನೇ ಬಳಸಲಾಗಿದೆ. ಸೋರಿಯಾಸಿಸ್ ಎಂಬ ಚರ್ಮರೋಗದೊಡನೆ ಬರುವ ಕೀಲುರೋಗ ಸೋರಿಯಾಸಿಸ್ ಸಂಧಿವಾತ. ಚರ್ಮಕ್ಕೆ ಸಂಬಂಧವಿಲ್ಲದೆ ಬರುವ, ಹೆಚ್ಚು ಪರಿಚಿತವಾದ ಇನ್ನೊಂದು ರೋಗ ರುಮಟಾಯ್ಡ್ ಸಂಧಿವಾತ. ಇವೆರಡನ್ನೂ ಬೇರ್ಪಡಿಸಲು ಬೇಕಾದ ಕುರುಹುಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವು. ಆದರೂ ಅವು ಕಣ್ತಪ್ಪುವುದೇ ಹೆಚ್ಚು.

ಒಂದು ನಿದರ್ಶನದಿಂದ ಆರಂಭಿಸಬಹುದು. ಇದು ಯಾವೊಬ್ಬ ವ್ಯಕ್ತಿಯ ಕಥೆಯಲ್ಲ; ಇಂತಹ ರೋಗಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿಗಳನ್ನು ಜೋಡಿಸಿ ರೂಪಿಸಿದ್ದು.

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರ ಅಡಿಗೆಮನೆಯಲ್ಲಿ ಕೆಲಸ ಮಾಡುವ, ಡೊಂಬಿವಲಿಯಲ್ಲಿ ವಾಸಿಸುವ 41 ವರ್ಷದ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಎರಡು ವರ್ಷಗಳ ಹಿಂದೆ ಅವರ ಬಲಗೈಯ ಎರಡು ಉಗುರುಗಳು ಹಳದಿಗಟ್ಟಿ ತುದಿಯಲ್ಲಿ ಮೇಲೆದ್ದವು. ಸದಾ ನೀರಿನಲ್ಲಿ ಕೈಯಾಡಿಸುವ ಕೆಲಸ. ಆದುದರಿಂದ ಅದು ಶಿಲೀಂಧ್ರದ ಸೋಂಕು ಎಂದು ಭಾವಿಸಲಾಯಿತು. ಔಷಧದ ಅಂಗಡಿಯಿಂದ ತಂದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೂ ಗುಣ ಕಾಣಲಿಲ್ಲ. ಅನಂತರ ಒಂದು ಮಳೆಗಾಲದಲ್ಲಿ ಎಡಗಾಲಿನ ನಾಲ್ಕನೆಯ ಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡಿತು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಯಾರೋ ತುಳಿದಿರಬೇಕೆಂದು ಅವರು ಸುಮ್ಮನಾದರು. ಯೂರಿಕ್ ಆಮ್ಲದ ಪರೀಕ್ಷೆಯೂ ಆಯಿತು. ಅದರ ಪ್ರಮಾಣ ಸಹಜವಾಗಿತ್ತು. ನಾಲ್ಕು ತಿಂಗಳ ತರುವಾಯ ಎಡ ಮೊಣಕಾಲು ಬಾತುಕೊಂಡಿತು. ಬಲಗೈಯ ತೋರುಬೆರಳಿನ ತುದಿಗೆಣ್ಣು ನೋಯತೊಡಗಿತು. ಬೆಳಗಿನ ಹೊತ್ತು ಸುಮಾರು ಒಂದು ಗಂಟೆ ಬೆರಳುಗಳು ಬಿಗಿದುಕೊಂಡು ಸೌಟು ಹಿಡಿಯುವುದೇ ಕಷ್ಟವಾಗುತ್ತಿತ್ತು.

ಮನೆಯ ಸಮೀಪದ ಚಿಕಿತ್ಸಾಲಯದಲ್ಲಿ ಅವರ ರಕ್ತವನ್ನು ಆರ್.ಎ. ಫ್ಯಾಕ್ಟರ್ ಪರೀಕ್ಷೆಗೆ ಕಳುಹಿಸಲಾಯಿತು. ಆ ಪ್ರಯೋಗಾಲಯದಲ್ಲಿ 20ರವರೆಗಿನ ಅಂಕಿ ಸಹಜ, ಇವರದು 26. ಕಾಗದದ ಮೇಲೆ 'ಪಾಸಿಟಿವ್' ಎಂದು ಅಚ್ಚಾಗಿ ಬಂತು. ಅದನ್ನು ಆಧರಿಸಿ ರುಮಟಾಯ್ಡ್ ಸಂಧಿವಾತ ಎಂದು ನಿರ್ಧರಿಸಿ ಸ್ಟೆರಾಯ್ಡ್ ಮಾತ್ರೆಗಳನ್ನು ಕೊಡಲಾಯಿತು. ನೋವು ಒಂದೇ ವಾರದಲ್ಲಿ ಇಳಿಯಿತು. ಮೂರು ತಿಂಗಳ ಬಳಿಕ ಗುಣವಾಯಿತೆಂದು ಭಾವಿಸಿ ಅವರೇ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರು. ಕೆಲವು ದಿನಗಳಲ್ಲಿ ಕೀಲುನೋವು ಮರಳಿದ್ದಲ್ಲದೆ ಮೊಣಕೈಗಳ ಮೇಲೆ, ಬೆನ್ನಿನ ಮೇಲೆ ಕೆಂಪು ಮಚ್ಚೆಗಳೆದ್ದು ಬೆಳ್ಳನೆಯ ಹುರುಪೆ ಉದುರತೊಡಗಿತು. ಅಲ್ಲಿಗೆ ಅವರು ದೊಡ್ಡ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದರು.

ಅಲ್ಲಿಯ ವೈದ್ಯರು ಮೊದಲು ರಕ್ತದ ವರದಿಯನ್ನು ಕೇಳಲಿಲ್ಲ. ಚಪ್ಪಲಿ ಬಿಚ್ಚಿಸಿ ಕಾಲ್ಬೆರಳುಗಳನ್ನು ನೋಡಿದರು. ಹತ್ತೂ ಕೈಯುಗುರುಗಳನ್ನು ಬೆಳಕಿಗೆ ಓರೆಯಾಗಿ ಹಿಡಿಸಿ ನೋಡಿದರು. ಕೂದಲನ್ನು ಸರಿಸಿ ನೆತ್ತಿಯನ್ನೂ, ಕಿವಿಯ ಹಿಂಬದಿಯನ್ನೂ, ಹೊಕ್ಕುಳನ್ನೂ ಪರೀಕ್ಷಿಸಿದರು. ತಲೆಹೊಟ್ಟೆಂದು ರೋಗಿ ಹತ್ತು ವರ್ಷಗಳಿಂದ ಶಾಂಪೂ ಹಾಕುತ್ತಿದ್ದ ಜಾಗದಲ್ಲಿ, ಕೂದಲಿನ ಅಂಚನ್ನು ದಾಟಿ ಹೊರಬಂದ, ಗಡಿ ಸ್ಪಷ್ಟವಾಗಿರುವ ದಪ್ಪನೆಯ ಹುರುಪೆಯ ಪಟ್ಟಿಯಿತ್ತು. ಅದು ಸೋರಿಯಾಸಿಸ್.

ಉಗುರು ಹೇಳುವುದು

ಈ ರೋಗದಲ್ಲಿ ಉಗುರಿಗೆ ಏಕೆ ಇಷ್ಟು ಮಹತ್ವ ಎಂಬುದನ್ನು ತಿಳಿಯಲು ಬೆರಳ ತುದಿಯ ರಚನೆಯನ್ನು ಸ್ವಲ್ಪ ಗಮನಿಸಬೇಕು. ಬೆರಳನ್ನು ನೇರವಾಗಿಸುವ ಸ್ನಾಯುರಜ್ಜು ತುದಿಗೆಣ್ಣನ್ನು ದಾಟಿ ಕೊನೆಯ ಮೂಳೆಗೆ ಅಂಟಿಕೊಳ್ಳುತ್ತದೆ. ಅದರ ಎಳೆಗಳು ಅಷ್ಟಕ್ಕೇ ನಿಲ್ಲದೆ ಮುಂದುವರಿದು ಉಗುರು ಹುಟ್ಟುವ ಬುಡವನ್ನು ಆವರಿಸುತ್ತವೆ. ಅಂದರೆ ಉಗುರಿನ ಬುಡವೂ ತುದಿಗೆಣ್ಣೂ ಒಂದೇ ಹಗ್ಗದಿಂದ ಕಟ್ಟಿದಂತಿವೆ. ಸೋರಿಯಾಸಿಸ್ ಸಂಧಿವಾತದ ಉರಿಯೂತವು ಸ್ನಾಯುರಜ್ಜು ಮೂಳೆಗೆ ಅಂಟುವ ಇಂತಹ ತಾಣಗಳಲ್ಲಿಯೇ ಪ್ರಬಲವಾಗಿರುತ್ತದೆ. ತುದಿಗೆಣ್ಣು ಊದಿದ ಬೆರಳಿನ ಉಗುರೇ ಕೆಟ್ಟಿರುವುದು ಸಾಮಾನ್ಯವಾಗಿ ಕಾಣುವುದು ಈ ಕಾರಣದಿಂದ. ಹಿಮ್ಮಡಿಯ ಹಿಂಬದಿಯಲ್ಲಿ ಅಥವಾ ಅಂಗಾಲಿನಲ್ಲಿ ನೋವು ಬಂದು ದಾದರಿನಂತಹ ನಿಲ್ದಾಣದ ಮೇಲುಸೇತುವೆಯ ಮೆಟ್ಟಿಲು ಹತ್ತುವುದು ಕಷ್ಟವಾಗುವುದಕ್ಕೂ ಇದೇ ಕಾರಣ. ಅಲ್ಲಿಯೂ ಅಂತಹ ಅಂಟುತಾಣಗಳಿವೆ.

ಉಗುರಿನ ಕುರುಹುಗಳಲ್ಲಿ ಮೊದಲನೆಯದು ಸಣ್ಣ ಕುಳಿಗಳು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿಯ ಮೈಮೇಲೆ ಇರುವಂತಹ ಚುಕ್ಕೆಗುಳಿಗಳು ಉಗುರಿನ ಮೇಲೆ ಕಾಣುತ್ತವೆ. ಉಗುರು ಹುಟ್ಟುವ ಬುಡದಲ್ಲಿ ರೋಗವಿದ್ದಾಗ ಅಲ್ಲಲ್ಲಿ ಉಗುರಿನ ಪದರ ಸರಿಯಾಗಿ ಗಟ್ಟಿಯಾಗದೆ ಉದುರಿಹೋಗುವುದರಿಂದ ಈ ಕುಳಿಗಳು ಉಂಟಾಗುತ್ತವೆ. ಒಂದೆರಡು ಕುಳಿಗಳು ಆರೋಗ್ಯವಂತರಲ್ಲಿಯೂ ಇರಬಹುದು. ಹತ್ತು ಉಗುರುಗಳಲ್ಲಿ ಒಟ್ಟು 20ಕ್ಕಿಂತ ಹೆಚ್ಚಿದ್ದರೆ ಸೋರಿಯಾಸಿಸ್‌ನ ಸಂದೇಹ ಬಲವಾಗುತ್ತದೆ. ಎರಡನೆಯದು, ಉಗುರು ತನ್ನ ಹಾಸಿನಿಂದ ಬಿಟ್ಟುಕೊಂಡು ತುದಿಯಿಂದ ಮೇಲೇಳುವುದು. ಬಿಟ್ಟುಕೊಂಡ ಬಿಳಿಯ ಭಾಗದ ಅಂಚಿನಲ್ಲಿ ಕೆಂಪು-ಕಂದು ಗೆರೆಯೊಂದು ಕಾಣಿಸಿದರೆ ಅದು ವಿಶೇಷ ಸೂಚನೆ. ಮೂರನೆಯದು, ಉಗುರಿನ ಕೆಳಗೆ ಎಣ್ಣೆಯ ಹನಿ ಬಿದ್ದಂತೆ ಕಾಣುವ ಹಳದಿ-ಕೆಂಪು ಕಲೆ. ಇದು ಕಡಿಮೆ ಜನರಲ್ಲಿ ಕಂಡರೂ, ಕಂಡಾಗ ಸೋರಿಯಾಸಿಸ್ ಎಂದು ಹೆಚ್ಚು ಧೈರ್ಯದಿಂದ ಹೇಳಬಹುದಾದ ಕುರುಹು. ಉಗುರಿನಡಿಯಲ್ಲಿ ಹುರುಪೆ ಶೇಖರವಾಗಿ ಉಗುರು ದಪ್ಪವಾಗುವುದೂ ಉಂಟು.

ಈ ಕೊನೆಯ ಕುರುಹೇ ಶಿಲೀಂಧ್ರದ ಸೋಂಕಿನೊಡನೆ ಗೊಂದಲಕ್ಕೆ ಎಡೆಮಾಡುವುದು. ಉಗುರಿನಡಿಯ ಪುಡಿಯನ್ನು ಕೆರೆದು ತೆಗೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟು ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆ ಸುಲಭ, ಅಗ್ಗ. ಅದನ್ನು ಮಾಡಿಸದೆ ಶಿಲೀಂಧ್ರದ ಔಷಧವನ್ನು ತಿಂಗಳುಗಟ್ಟಲೆ ನುಂಗುವುದು ಸರಿಯಲ್ಲ. ಸೋರಿಯಾಸಿಸ್‌ನಿಂದ ಕೆಟ್ಟ ಉಗುರಿನಲ್ಲಿ ಶಿಲೀಂಧ್ರವೂ ಸೇರಿಕೊಳ್ಳಬಹುದು ಎಂಬುದೂ ನಿಜ. ಪರೀಕ್ಷೆಯಲ್ಲಿ ಶಿಲೀಂಧ್ರ ಕಂಡ ಮಾತ್ರಕ್ಕೆ ಸೋರಿಯಾಸಿಸ್ ಇಲ್ಲವೆಂದಾಗುವುದಿಲ್ಲ. ಕುಳಿಗಳೂ ಎಣ್ಣೆಹನಿಯ ಕಲೆಯೂ ಮಾತ್ರ ಶಿಲೀಂಧ್ರದ ಲಕ್ಷಣಗಳಲ್ಲ. ಇನ್ನೊಂದು ಮಾತು: ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಚಿಕಿತ್ಸೆ ಫಲಿಸಿದೆಯೇ ಎಂದು ಉಗುರನ್ನು ನೋಡಿ ತೀರ್ಮಾನಿಸಲು ಆರು ತಿಂಗಳಾದರೂ ಬೇಕು. ಕಾಲುಗುರಿಗೆ ಇನ್ನೂ ಹೆಚ್ಚು.

ಚರ್ಮದ ಸೋರಿಯಾಸಿಸ್ ಮಾತ್ರ ಇರುವವರಿಗಿಂತ ಕೀಲುರೋಗವೂ ಇರುವವರಲ್ಲಿ ಉಗುರಿನ ವಿಕಾರ ಹೆಚ್ಚು. ಆದುದರಿಂದ ಸೋರಿಯಾಸಿಸ್ ಇರುವವರು ಚರ್ಮದ ಮಚ್ಚೆ ಎಷ್ಟೇ ಕಡಿಮೆಯಿದ್ದರೂ ಉಗುರು ಕೆಟ್ಟಾಗ ಕೀಲುಗಳ ಕಡೆಗೆ ಗಮನ ಕೊಡುವುದು ಯುಕ್ತ. ಮಚ್ಚೆಗಳ ವಿಸ್ತಾರಕ್ಕೂ ಕೀಲುರೋಗದ ತೀವ್ರತೆಗೂ ನೇರ ಸಂಬಂಧವಿಲ್ಲ. ಹೊಕ್ಕುಳಿನಲ್ಲಿ ಬೆರಳಗಲದ ಮಚ್ಚೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲದವರ ಬೆರಳುಗಳು ಸೊಟ್ಟಗಾಗಬಹುದು.

ಇಡಿಯಾಗಿ ಊದುವ ಬೆರಳು

ಎರಡನೆಯ ಕುರುಹು ಬೆರಳಿನ ಊತದ ರೀತಿ. ರುಮಟಾಯ್ಡ್ ಸಂಧಿವಾತದಲ್ಲಿ ಊತ ಗೆಣ್ಣಿನ ಸುತ್ತ ಮಾತ್ರ ಇರುತ್ತದೆ. ಗೆಣ್ಣುಗಳ ನಡುವಣ ಭಾಗ ಸಪೂರವಾಗಿಯೇ ಉಳಿಯುತ್ತದೆ. ನಡುಗೆಣ್ಣು ಕದಿರಿನ ಹಾಗೆ ಮಧ್ಯದಲ್ಲಿ ಉಬ್ಬಿದಂತೆ ತೋರುತ್ತದೆ. ಸೋರಿಯಾಸಿಸ್ ಸಂಧಿವಾತದಲ್ಲಿ ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ, ಗೆಣ್ಣುಗಳ ಗುರುತೇ ಸಿಕ್ಕದಂತೆ ಊದಿಕೊಳ್ಳಬಹುದು. ವೈದ್ಯರು ಇದನ್ನು ಡ್ಯಾಕ್ಟಿಲೈಟಿಸ್ ಎನ್ನುತ್ತಾರೆ. ಕೀಲು ಮಾತ್ರವಲ್ಲದೆ ಬೆರಳನ್ನು ಮಡಿಸುವ ಸ್ನಾಯುರಜ್ಜು, ಅದರ ಹೊದಿಕೆ, ಸುತ್ತಲಿನ ಮೃದುಭಾಗ ಎಲ್ಲವೂ ಒಟ್ಟಿಗೆ ಉರಿಯೂತಕ್ಕೆ ಒಳಗಾಗುವುದೇ ಇದಕ್ಕೆ ಕಾರಣ.

ಕೈಬೆರಳಿಗಿಂತ ಕಾಲ್ಬೆರಳಿನಲ್ಲಿ ಇದು ಹೆಚ್ಚು. ಹಾಗಾಗಿ ಬೂಟು ಬಿಚ್ಚಿಸದ ಪರೀಕ್ಷೆಯಲ್ಲಿ ತಪ್ಪಿಹೋಗುವುದೂ ಹೆಚ್ಚು. ಬೆರಳು ಕೆಂಪಾಗಿ ನೋಯುತ್ತಿದ್ದರೆ ಗೌಟ್ ಎಂದೋ, ಗಾಯವೆಂದೋ, ಕೀವು ತುಂಬುತ್ತಿದೆಯೆಂದೋ ಭಾವಿಸುತ್ತಾರೆ. ಕೆಲವೊಮ್ಮೆ ನೋವು ಇಳಿದು ಊತ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಆಗ ರೋಗಿಯೇ ಅದನ್ನು ಮರೆತು, ವೈದ್ಯರು ಕೇಳಿದಾಗ ಹೇಳದೆ ಹೋಗಬಹುದು. 'ಎಂದಾದರೂ ಒಂದು ಬೆರಳು ಪೂರ್ತಿ ಊದಿತ್ತೇ?' ಎಂಬ ಪ್ರಶ್ನೆಗೆ ಯೋಚಿಸಿ ಉತ್ತರ ಕೊಡಬೇಕು. ಹಿಂದೆ ಊದಿ ಇಳಿದ ಬೆರಳೂ ರೋಗನಿರ್ಣಯದಲ್ಲಿ ಲೆಕ್ಕಕ್ಕೆ ಬರುತ್ತದೆ. ಊದಿದ ದಿನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡಿದ್ದರೆ ವೈದ್ಯರಿಗೆ ಅದರಿಂದ ಬಹಳ ನೆರವಾಗುತ್ತದೆ. ನಮ್ಮ ದೇಶದಲ್ಲಿ ಕ್ಷಯರೋಗವೂ ಬೆರಳಿನ ಮೂಳೆಗೆ ತಗಲಿ ಅದನ್ನು ಊದಿಸಬಲ್ಲದು, ವಿಶೇಷವಾಗಿ ಮಕ್ಕಳಲ್ಲಿ. ಒಂದೇ ಬೆರಳು ಊದಿ ಬೇರಾವ ಕುರುಹೂ ಇಲ್ಲದಿದ್ದರೆ ಕ್ಷ-ಕಿರಣ ಚಿತ್ರ ತೆಗೆಸುವುದನ್ನು ಬಿಡಬಾರದು.

ಐದು ಬಗೆಗಳು, ಆದರೆ ಗಡಿಗಳಿಲ್ಲ

1973ರಲ್ಲಿ ಮೋಲ್ ಮತ್ತು ರೈಟ್ ಎಂಬ ಬ್ರಿಟಿಷ್ ವೈದ್ಯರು ಈ ರೋಗವನ್ನು ಐದು ಬಗೆಗಳಾಗಿ ವಿಂಗಡಿಸಿದರು. ಕೆಲವೇ ಕೀಲುಗಳು, ಎಡಬಲಗಳಲ್ಲಿ ಸಮನಾಗಿಲ್ಲದೆ ಊದುವುದು ಒಂದು ಬಗೆ. ನಮ್ಮ ನಿದರ್ಶನದ ವ್ಯಕ್ತಿಯದು ಇದೇ: ಒಂದು ಕಾಲ್ಬೆರಳು, ಒಂದು ಮೊಣಕಾಲು, ಒಂದು ಕೈಬೆರಳು. ತುದಿಗೆಣ್ಣುಗಳಲ್ಲಿಯೇ ಮುಖ್ಯವಾಗಿ ನೆಲೆಗೊಳ್ಳುವುದು ಇನ್ನೊಂದು. ಬೆನ್ನೆಲುಬು ಮತ್ತು ಸೊಂಟದ ಕೀಲುಗಳನ್ನು ಹಿಡಿಯುವುದು ಮತ್ತೊಂದು. ಇದರಲ್ಲಿ ಬೆನ್ನುನೋವು ವಿಶ್ರಾಂತಿಯಿಂದ ಹೆಚ್ಚಿ, ಓಡಾಡಿದರೆ ಕಡಿಮೆಯಾಗುತ್ತದೆ, ರಾತ್ರಿಯ ಉತ್ತರಾರ್ಧದಲ್ಲಿ ನಿದ್ದೆಗೆಡಿಸುತ್ತದೆ. ಮೂಳೆಯ ತುದಿಗಳೇ ಕರಗಿ ಬೆರಳು ಮೋಟಾಗುವ ಘೋರ ಬಗೆ ವಿರಳ.

ಉಳಿದ ಒಂದು ಬಗೆಯೇ ತೊಡಕಿನದು. ಅದರಲ್ಲಿ ಎರಡೂ ಕೈಗಳ ಅನೇಕ ಗೆಣ್ಣುಗಳು ಸಮನಾಗಿ ಊದಿ, ನೋಟಕ್ಕೆ ರುಮಟಾಯ್ಡ್ ಸಂಧಿವಾತದಂತೆಯೇ ಇರುತ್ತದೆ. ಕೆಲವೇ ಕೀಲುಗಳಿಂದ ಆರಂಭವಾದ ರೋಗವು ಚಿಕಿತ್ಸೆಯಿಲ್ಲದೆ ಕಾಲ ಸಂದಂತೆ ಈ ಬಗೆಗೆ ತಿರುಗುವುದೂ ಉಂಟು. ಆದುದರಿಂದ ಈ ಐದನ್ನು ಬೇರೆ ಬೇರೆ ರೋಗಗಳೆಂದು ತಿಳಿಯದೆ, ಒಂದೇ ರೋಗ ಬೇರೆ ಬೇರೆ ಹೊತ್ತಿನಲ್ಲಿ ತೊಡುವ ವೇಷಗಳೆಂದು ತಿಳಿಯುವುದೇ ಮೇಲು.

ಹೀಗೆ ವೇಷ ಒಂದೇ ಆದಾಗ ಬೇರ್ಪಡಿಸುವುದು ಹೇಗೆ? ಮೊದಲು ಯಾವ ಗೆಣ್ಣುಗಳೆಂದು ನೋಡಬೇಕು. ರುಮಟಾಯ್ಡ್ ರೋಗ ಮಣಿಕಟ್ಟು, ಬುಡಗೆಣ್ಣು, ನಡುಗೆಣ್ಣುಗಳನ್ನು ಹಿಡಿಯುತ್ತದೆ. ತುದಿಗೆಣ್ಣನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಬೆನ್ನೆಲುಬಿನಲ್ಲಿ ಕತ್ತಿನ ಭಾಗಕ್ಕೆ ತಗಲಬಹುದೇ ಹೊರತು ಸೊಂಟವನ್ನು ಹಿಡಿಯುವುದಿಲ್ಲ. ಸೋರಿಯಾಸಿಸ್ ಸಂಧಿವಾತದಲ್ಲಿ ಒಂದೇ ಬೆರಳಿನ ಮೂರೂ ಗೆಣ್ಣುಗಳು ಊದಿ, ಪಕ್ಕದ ಬೆರಳು ಪೂರ್ಣ ಆರೋಗ್ಯವಾಗಿರಬಹುದು. ರುಮಟಾಯ್ಡ್ ರೋಗ ಕೈಯ ಅಡ್ಡಸಾಲಿನಲ್ಲಿ, ಇದು ಬೆರಳಿನ ಉದ್ದಸಾಲಿನಲ್ಲಿ ಸಾಗುತ್ತದೆಂದು ನೆನಪಿಟ್ಟುಕೊಳ್ಳಬಹುದು. ಮೊಣಕೈಯ ಹಿಂಬದಿಯಲ್ಲಿ ಚರ್ಮದಡಿ ಗಟ್ಟಿ ಗಂಟುಗಳಿದ್ದರೆ ಅದು ರುಮಟಾಯ್ಡ್ ಕಡೆಗೆ ಬೊಟ್ಟುಮಾಡುತ್ತದೆ. ಅದೇ ಜಾಗದಲ್ಲಿ ಹುರುಪೆಯ ಮಚ್ಚೆಯಿದ್ದರೆ ಸೋರಿಯಾಸಿಸ್ ಕಡೆಗೆ. ತುದಿಗೆಣ್ಣಿನಲ್ಲಿ ಮಾತ್ರ ಗಟ್ಟಿ ಉಬ್ಬುಗಳಿದ್ದು ಬೆಳಗಿನ ಬಿಗಿತ ಕೆಲವೇ ನಿಮಿಷಗಳಲ್ಲಿ ಬಿಡುವುದಾದರೆ ವಯಸ್ಸಿನೊಡನೆ ಬರುವ ಸವೆತವಿರಬಹುದು. ಚಿಕುನ್‌ಗುನ್ಯಾ ಜ್ವರ 2006ರಲ್ಲಿ ದೇಶಾದ್ಯಂತ ಹಬ್ಬಿದಂದಿನಿಂದ ಅದರ ತರುವಾಯದ ಕೀಲುನೋವೂ ಈ ಗೊಂದಲಕ್ಕೆ ಸೇರಿಕೊಂಡಿದೆ. ಅದರಲ್ಲಿ ಜ್ವರದ ದಿನಾಂಕವನ್ನೇ ರೋಗಿ ಹೇಳಬಲ್ಲ.

ಕ್ಷ-ಕಿರಣ ಚಿತ್ರದಲ್ಲಿಯೂ ಭೇದವಿದೆ. ರುಮಟಾಯ್ಡ್ ರೋಗದಲ್ಲಿ ಕೀಲಿನ ಪಕ್ಕದ ಮೂಳೆ ತೆಳುವಾಗಿ, ಅಂಚು ಕೊರೆದಂತಾಗುತ್ತದೆ. ಸೋರಿಯಾಸಿಸ್ ಸಂಧಿವಾತದಲ್ಲಿ ಕೊರೆತದ ಪಕ್ಕದಲ್ಲಿಯೇ ಹೊಸ ಮೂಳೆ ನಯವಿಲ್ಲದ ಹತ್ತಿಯ ಎಳೆಗಳಂತೆ ಬೆಳೆಯುತ್ತದೆ. ಆದರೆ ರೋಗದ ಆರಂಭದಲ್ಲಿ ಚಿತ್ರ ಸಹಜವಾಗಿಯೇ ಇರಬಹುದು.

ರಕ್ತಪರೀಕ್ಷೆಯ ಮಿತಿ

ಇನ್ನು 26 ಎಂಬ ಆ ಅಂಕಿಯ ವಿಷಯ. ಆರ್.ಎ. ಫ್ಯಾಕ್ಟರ್ ಎಂಬ ಹೆಸರೇ ಜನರನ್ನು ದಾರಿತಪ್ಪಿಸುತ್ತದೆ. ಅದು ರುಮಟಾಯ್ಡ್ ರೋಗಕ್ಕೆ ಮಾತ್ರ ಮೀಸಲಾದ ವಸ್ತುವಲ್ಲ. ವಯಸ್ಸಾದವರಲ್ಲಿ, ಕ್ಷಯ ಮತ್ತು ಹೆಪಟೈಟಿಸ್-ಸಿ ಇರುವವರಲ್ಲಿ, ಕೆಲವೊಮ್ಮೆ ಪೂರ್ಣ ಆರೋಗ್ಯವಂತರಲ್ಲಿ ಕೂಡ ಅದು ಅಲ್ಪ ಪ್ರಮಾಣದಲ್ಲಿ ಕಾಣಿಸುತ್ತದೆ. ಸೋರಿಯಾಸಿಸ್ ಸಂಧಿವಾತದವರಲ್ಲಿಯೂ ಕೆಲವರಲ್ಲಿ ಕಾಣುವುದುಂಟು. ಇತ್ತ ನಿಜವಾದ ರುಮಟಾಯ್ಡ್ ರೋಗಿಗಳಲ್ಲಿ ಹಲವರಿಗೆ ಅದು ಕಾಣಿಸುವುದೇ ಇಲ್ಲ. ಆಂಟಿ ಸಿ.ಸಿ.ಪಿ. ಎಂಬ ಪರೀಕ್ಷೆ ಇದಕ್ಕಿಂತ ನಂಬಲರ್ಹ. ಅದು ಹೆಚ್ಚಿನ ಮಟ್ಟದಲ್ಲಿದ್ದರೆ ರುಮಟಾಯ್ಡ್ ರೋಗದ ಸಾಧ್ಯತೆ ಬಹಳ ಹೆಚ್ಚು. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಪರೀಕ್ಷೆಗಳು ಉರಿಯೂತದ ಅಳತೆಗಳು ಮಾತ್ರ. ಸೋರಿಯಾಸಿಸ್ ಸಂಧಿವಾತವಿದ್ದೂ ಇವು ಸಹಜವಾಗಿರಬಹುದು. 'ರಿಪೋರ್ಟ್ ಎಲ್ಲ ಸರಿಯಿದೆ, ನಿಮಗೇನೂ ರೋಗವಿಲ್ಲ' ಎಂಬ ಮಾತು ಊದಿದ ಬೆರಳಿಗೆ ಉತ್ತರವಾಗದು. ಸೋರಿಯಾಸಿಸ್ ಸಂಧಿವಾತವನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಂದಿಗೂ ಒಂದೂ ಇಲ್ಲ.

ಆದಕಾರಣ ತಜ್ಞರು ಕುರುಹುಗಳನ್ನು ಕೂಡಿಸಿ ನೋಡುತ್ತಾರೆ. 2006ರಲ್ಲಿ ಪ್ರಕಟವಾದ ಕ್ಯಾಸ್ಪರ್ ಎಂಬ ಮಾನದಂಡ ಇದಕ್ಕಾಗಿ ಬಳಕೆಯಲ್ಲಿದೆ. ಸಂಶೋಧನೆಗೆ ರೋಗಿಗಳನ್ನು ವರ್ಗೀಕರಿಸಲು ರೂಪಿಸಿದ್ದಾದರೂ ಆಲೋಚನೆಗೆ ಒಳ್ಳೆಯ ಚೌಕಟ್ಟು. ಮೊದಲು ಕೀಲು, ಬೆನ್ನೆಲುಬು ಅಥವಾ ಅಂಟುತಾಣದಲ್ಲಿ ಉರಿಯೂತ ಇರಲೇಬೇಕು. ಅನಂತರ ಅಂಕಗಳ ಲೆಕ್ಕ: ಈಗ ಚರ್ಮದಲ್ಲಿ ಸೋರಿಯಾಸಿಸ್ ಇದ್ದರೆ 2, ಈಗಿಲ್ಲದೆ ಹಿಂದೆ ಇದ್ದರೆ, ಇಲ್ಲವೇ ಹತ್ತಿರದ ರಕ್ತಸಂಬಂಧಿಗಳಲ್ಲಿ ಇದ್ದರೆ 1. ಉಗುರಿನ ವಿಕಾರಕ್ಕೆ 1, ಆರ್.ಎ. ಫ್ಯಾಕ್ಟರ್ ಇಲ್ಲದಿರುವುದಕ್ಕೆ 1, ಇಡಿಯಾಗಿ ಊದಿದ ಬೆರಳಿಗೆ 1, ಕ್ಷ-ಕಿರಣದಲ್ಲಿ ಕಾಣುವ ಹೊಸ ಮೂಳೆಗೆ 1. ಒಟ್ಟು 3 ಅಥವಾ ಹೆಚ್ಚಾದರೆ ಸೋರಿಯಾಸಿಸ್ ಸಂಧಿವಾತ ಎಂದು ವರ್ಗೀಕರಿಸಲಾಗುತ್ತದೆ.

ನಮ್ಮ ನಿದರ್ಶನಕ್ಕೆ ಇದನ್ನು ಅನ್ವಯಿಸೋಣ. ನೆತ್ತಿಯ ಮತ್ತು ಮೊಣಕೈಯ ಸೋರಿಯಾಸಿಸ್‌ಗೆ 2. ಅವರ ತಂದೆಗೂ ವರ್ಷಗಟ್ಟಲೆ ಹುರುಪೆಯ 'ಕಜ್ಜಿ'ಯಿತ್ತೆಂದು ವಿಚಾರಿಸಿದಾಗ ತಿಳಿಯಿತು. ಆದರೆ ತಮಗೇ ಈಗ ಚರ್ಮರೋಗ ಇರುವುದರಿಂದ ಅದಕ್ಕೆ ಪ್ರತ್ಯೇಕ ಅಂಕವಿಲ್ಲ. ಉಗುರಿಗೆ 1, ಕಾಲ್ಬೆರಳಿಗೆ 1. ಆರ್.ಎ. ಫ್ಯಾಕ್ಟರ್ ಇರುವುದರಿಂದ ಆ ಅಂಕ ದೊರೆಯದು; ಕ್ಷ-ಕಿರಣದಲ್ಲಿ ಹೊಸ ಮೂಳೆಯೂ ಇರಲಿಲ್ಲ. ಒಟ್ಟು 4. ರಕ್ತದ ವರದಿಯಿಂದ ಒಂದಂಕವೂ ಸಿಕ್ಕದೆ, ಕಣ್ಣಿಗೆ ಕಂಡ ಕುರುಹುಗಳಿಂದಲೇ ಅವರು ಆ ಗಡಿಯನ್ನು ದಾಟಿದ್ದಾರೆ. ಆಂಟಿ ಸಿ.ಸಿ.ಪಿ. ಈ ಲೆಕ್ಕದಲ್ಲಿ ಇಲ್ಲ. ಅದನ್ನು ಮಾಡಿಸಿದಾಗ ಸಹಜವಾಗಿದ್ದುದು ನಿರ್ಣಯಕ್ಕೆ ಬಲಕೊಟ್ಟಿತು.

ಸುಮಾರು ಹತ್ತರಲ್ಲಿ ಏಳು ರೋಗಿಗಳಲ್ಲಿ ಚರ್ಮರೋಗ ಮೊದಲು ಬಂದು, ಅನೇಕ ವೇಳೆ ವರ್ಷಗಳ ತರುವಾಯ ಕೀಲುರೋಗ ಬರುತ್ತದೆ. ಉಳಿದವರಲ್ಲಿ ಎರಡೂ ಒಟ್ಟಿಗೆ, ಅಥವಾ ಕೀಲುರೋಗವೇ ಮೊದಲು. ಚರ್ಮ ಪೂರ್ಣ ಶುಭ್ರವಾಗಿರುವ ಈ ಕೊನೆಯ ಗುಂಪಿನಲ್ಲಿ ಉಗುರು, ಬೆರಳು ಮತ್ತು ಮನೆಯವರ ಚರಿತ್ರೆ ಇವೇ ಆಧಾರ.

ಬೇರ್ಪಡಿಸುವುದರಿಂದ ಆಗುವ ವ್ಯತ್ಯಾಸ

ಎರಡೂ ರೋಗಗಳಿಗೆ ಕೆಲವು ಔಷಧಗಳು ಸಾಮಾನ್ಯ. ಹಾಗಾದರೆ ಹೆಸರಿನ ಚಿಂತೆ ಏಕೆ ಎಂದು ಕೇಳಬಹುದು. ಮೊದಲನೆಯದಾಗಿ ಸ್ಟೆರಾಯ್ಡ್ ಮಾತ್ರೆ. ಸೋರಿಯಾಸಿಸ್ ಇರುವವರು ಅದನ್ನು ಹಲವು ವಾರ ನುಂಗಿ ಒಮ್ಮೆಲೇ ನಿಲ್ಲಿಸಿದರೆ ಚರ್ಮರೋಗ ಕೆರಳಬಹುದು. ಮೈತುಂಬ ಕೀವಿನ ಗುಳ್ಳೆಗಳೆದ್ದು ಆಸ್ಪತ್ರೆಗೆ ಸೇರಬೇಕಾದ ಸ್ಥಿತಿಯೂ ಬಂದೀತು. ಈಗಾಗಲೇ ಸ್ಟೆರಾಯ್ಡ್ ಸೇವಿಸುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರ ಸೂಚನೆಯಂತೆ ಹಂತಹಂತವಾಗಿ ಇಳಿಸಬೇಕು. ರುಮಟಾಯ್ಡ್ ರೋಗಕ್ಕೆ ಧಾರಾಳವಾಗಿ ಬಳಸುವ ಹೈಡ್ರಾಕ್ಸಿಕ್ಲೋರೊಕ್ವಿನ್ ಈ ರೋಗದಲ್ಲಿ ಹೆಚ್ಚು ಉಪಯೋಗವಿಲ್ಲದ್ದು. ಕೆಲವರಲ್ಲಿ ಚರ್ಮರೋಗವನ್ನು ಕೆರಳಿಸುತ್ತದೆಂಬ ಎಚ್ಚರಿಕೆಯೂ ಇದೆ.

ಮೆಥೊಟ್ರೆಕ್ಸೇಟ್ ಎರಡಕ್ಕೂ ಸಲ್ಲುತ್ತದೆ. ಆದರೆ ಬೆನ್ನೆಲುಬಿನ ರೋಗಕ್ಕೆ ಸಾಲದು. ಈ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸಬೇಕು. ದಿನವೂ ಸೇವಿಸಿದರೆ ರಕ್ತಕಣಗಳು ಕುಸಿದು ಪ್ರಾಣಾಪಾಯ ಒದಗುತ್ತದೆ. ಇಂತಹ ಪ್ರಮಾದ ಕೈಬರಹದ ಚೀಟಿಯನ್ನು ತಪ್ಪಾಗಿ ಓದಿದ್ದರಿಂದಲೇ ಆಗುವುದುಂಟು. ವಾರದ ಹೆಸರನ್ನು ಚೀಟಿಯ ಮೇಲೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಬರೆಸಿಕೊಳ್ಳುವುದು ಲೇಸು. ಗರ್ಭಿಣಿಯರಿಗೆ ಇದು ವರ್ಜ್ಯ, ಮದ್ಯಪಾನ ಬಿಡಬೇಕು, ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಆಗಾಗ ಆಗಬೇಕು. ಇವು ಫಲಿಸದಿದ್ದಾಗ ಕೊಡುವ ಹೊಸ ಚುಚ್ಚುಮದ್ದುಗಳಲ್ಲಿ ಕೆಲವು ಸೋರಿಯಾಸಿಸ್ ಸಂಧಿವಾತಕ್ಕೆ ಸಲ್ಲುವಂಥವು, ರುಮಟಾಯ್ಡ್‌ಗೆ ಸಲ್ಲದವು. ಕೆಲವು ಅದಕ್ಕೆ ತದ್ವಿರುದ್ಧ. ಹೆಸರು ತಪ್ಪಿದರೆ ದುಬಾರಿ ಔಷಧವೇ ವ್ಯರ್ಥ. ಇವುಗಳಲ್ಲಿ ಹಲವು ದೇಹದಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದುದರಿಂದ ಮುಂಚಿತವಾಗಿ ಆ ಪರೀಕ್ಷೆ ಕಡ್ಡಾಯ. ಮುಂಬಯಿಯಂತಹ ಕಿಕ್ಕಿರಿದ ನಗರದಲ್ಲಿ ಇದನ್ನು ಅಲಕ್ಷಿಸುವಂತಿಲ್ಲ.

ಮುಂಬಯಿ ಮಹಾನಗರಪಾಲಿಕೆಯ ಪರೇಲಿನ ಕೆ.ಇ.ಎಂ., ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ; ಕೆ.ಇ.ಎಂ.ನಲ್ಲಿ ಕೀಲುರೋಗಗಳ ಪ್ರತ್ಯೇಕ ವಿಭಾಗವೂ ಇದೆ. ಹೋಗುವಾಗ ಹಳೆಯ ವರದಿಗಳನ್ನೂ, ಸೇವಿಸಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ, ಊದಿದ ಬೆರಳಿನ ಚಿತ್ರವಿದ್ದರೆ ಅದನ್ನೂ ಒಯ್ಯಬೇಕು. ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದರೆ ಒರೆಸಿ ಹೋಗಬೇಕು. ಲಕ್ಷಣ ಕಂಡ ಬಳಿಕ ಆರು ತಿಂಗಳು ತಡವಾದರೂ ಕೀಲುಗಳಿಗೆ ಹೆಚ್ಚಿನ ಹಾನಿಯಾಗಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ನಮ್ಮ ನಿದರ್ಶನದ ಅಡಿಗೆಯವರು ಉಗುರು ಕೆಟ್ಟಂದಿನಿಂದ ಎರಡು ವರ್ಷ ಕಳೆದ ಮೇಲೆ ಅಲ್ಲಿಗೆ ತಲುಪಿದರು. ವಾರಕ್ಕೊಮ್ಮೆಯ ಮಾತ್ರೆ ಆರಂಭಿಸಿ ಮೂರು ತಿಂಗಳಾದಾಗ ಮೊಣಕಾಲಿನ ಊತ ಇಳಿದಿತ್ತು, ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಬಂದಿತ್ತು. ಉಗುರಿನ ಬುಡದಿಂದ ಒಂದು ಸೆಂಟಿಮೀಟರಿಗೂ ಕಡಿಮೆ ಅಗಲದ, ಕುಳಿಗಳಿಲ್ಲದ ಹೊಸ ಪಟ್ಟಿ ಬೆಳೆದು ಬಂದಿತ್ತು.